ಆ್ಯಪ್ ಹೇಳುವ ಯೂನಿಟ್ಟು, ಬಿಲ್ಲಲ್ಲಿ ಉಳಿಯುವ ದುಡ್ಡು

ಎಲ್ಲರಿಗೂ ನಮಸ್ಕಾರ. ಇಲ್ಲಿ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ನವರೇ ಜಾಸ್ತಿ ಇದ್ದೀರಿ. ಚಾವಣಿ ಮೇಲೆ ಸೋಲಾರ್ ಹಾಕಿಸಿದವರು ಸಾಮಾನ್ಯವಾಗಿ ಮಾಡುವ ಲೆಕ್ಕ ಒಂದಿದೆ. ಇನ್ವರ್ಟರ್ ಆ್ಯಪ್‌ನಲ್ಲಿ ಕಂಡ ಯೂನಿಟ್ಟನ್ನು ಬಿಲ್ಲಿನ ದರದಿಂದ ಗುಣಿಸುವುದು. ಆದರೆ ಮೆಸ್ಕಾಂ ಬಿಲ್ಲು ಅಷ್ಟು ಇಳಿದಿರುವುದೇ ಇಲ್ಲ, ಅಲ್ವಾ?

ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ತಿಂಗಳಿಗೆ ಸೋಲಾರ್ ಉತ್ಪಾದನೆ 12,000 ಯೂನಿಟ್. ಮೀಟರಿನ ಎಕ್ಸ್‌ಪೋರ್ಟ್ 3,000, ಇಂಪೋರ್ಟ್ 14,000. ಭಾನುವಾರ ಹಲ್ಲರ್, ಗ್ರೇಡರ್ ನಿಂತಾಗ ಕರೆಂಟ್ ಹೊರಗೆ ಹೋಗುತ್ತದೆ. ಅದೇ ಈ 3,000. ಉಳಿದ 9,000 ಫ್ಯಾಕ್ಟರಿಯೇ ಬಳಸಿತು. ಅದಕ್ಕೆ 14,000 ಸೇರಿಸಿದರೆ ಒಟ್ಟು ಬಳಕೆ 23,000.

ನಿಮ್ಮ ಒಪ್ಪಂದದಲ್ಲಿ ಹೊರಗೆ ಕೊಟ್ಟ ಯೂನಿಟ್ಟಿಗೆ ಬೇರೆ ದರ ಇದೆ ಅಂದುಕೊಳ್ಳಿ. ಕೊಳ್ಳುವುದು 7 ರೂಪಾಯಿ, ಕೊಡುವುದು 3 ರೂಪಾಯಿ. ಆಗ ಫ್ಯಾಕ್ಟರಿಯೇ ಬಳಸಿದ್ದಕ್ಕೆ 63,000, ಹೊರಗೆ ಕೊಟ್ಟಿದ್ದಕ್ಕೆ 9,000, ಒಟ್ಟು ಉಳಿತಾಯ 72,000 ರೂಪಾಯಿ. ಆ್ಯಪ್ ಲೆಕ್ಕದಲ್ಲಿ 84,000 ಬರುತ್ತಿತ್ತು. ನಿಗದಿತ ಶುಲ್ಕ ಇದರಲ್ಲಿ ಸೇರಿಲ್ಲ. ಸೋಲಾರ್ ಬಂತು ಅಂತ ಅದು ತಾನಾಗಿ ಇಳಿಯುವುದಿಲ್ಲ.

ಹೋದ ವರ್ಷದ ಇದೇ ತಿಂಗಳ ಬಿಲ್ಲಿನ ಜೊತೆ ಹೋಲಿಸಬೇಡಿ. ಬೆಳೆ ಹೆಚ್ಚು ಬಂದ ವರ್ಷ ಮೆಷಿನ್ ಹೆಚ್ಚು ಓಡುತ್ತದೆ. ಹೋಲಿಸಬೇಕಾದ್ದು ಈ ತಿಂಗಳ 23,000 ಯೂನಿಟ್ಟನ್ನೂ ಕೊಂಡಿದ್ದರೆ ಎಷ್ಟಾಗುತ್ತಿತ್ತು ಅನ್ನುವುದಕ್ಕೆ. ಆ್ಯಪ್‌ನಲ್ಲೂ ಬಿಲ್ಲಿನ ರೀಡಿಂಗ್ ತಾರೀಖುಗಳನ್ನೇ ಹಾಕಿ ಯೂನಿಟ್ ತೆಗೆಯಿರಿ. ಎಕ್ಸ್‌ಪೋರ್ಟು ಉತ್ಪಾದನೆಗಿಂತ ಜಾಸ್ತಿ ಬಂದರೆ, ತಾರೀಖು ಹೊಂದಿಲ್ಲ, ಇಲ್ಲವೇ ಮೀಟರ್ ರೀಡಿಂಗನ್ನು ಗುಣಿಸುವ ಸಂಖ್ಯೆ, ಅಂದರೆ ಗುಣಕ, ತಪ್ಪಾಗಿದೆ ಅಂತ ತಿಳಿಯಿರಿ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಅದು ಪವರ್ ಫ್ಯಾಕ್ಟರ್, ಅಂದರೆ ಎಳೆದ ಒಟ್ಟು ಪವರ್‌ನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು. ಮೋಟಾರುಗಳ ಲೋಡು 100 ಕಿಲೋವ್ಯಾಟ್, ಪವರ್ ಫ್ಯಾಕ್ಟರ್ 0.95 ಇದ್ದರೆ ಅವು ಸುಮಾರು 33 ಕೆವಿಎಆರ್ ರಿಯಾಕ್ಟಿವ್ ಪವರ್ ಎಳೆಯುತ್ತವೆ. ಇದು ಮೋಟಾರಿನ ಕಾಂತಕ್ಷೇತ್ರಕ್ಕೆ ಬೇಕು, ಆದರೆ ತಾನೇ ಕೆಲಸ ಮಾಡುವುದಿಲ್ಲ. ಬಿಸಿಲಲ್ಲಿ ಸೋಲಾರ್ 70 ಕಿಲೋವ್ಯಾಟ್ ಕೊಟ್ಟರೆ ಗ್ರಿಡ್‌ನಿಂದ ಬರುವುದು ಬರೀ 30. ಆದರೆ ಆ 33 ಹಾಗೇ ಗ್ರಿಡ್‌ನಿಂದಲೇ ಬರುತ್ತದೆ. ಮೀಟರಿಗೆ ಆಗ ಕಾಣುವ ಪವರ್ ಫ್ಯಾಕ್ಟರ್ ಸುಮಾರು 0.67! ಫ್ಯಾಕ್ಟರಿಯೊಳಗೆ ಏನೂ ಕೆಟ್ಟಿಲ್ಲ, ಆದರೂ ತಿಂಗಳ ಸರಾಸರಿ ಕುಸಿದು ಬಿಲ್ಲಿನಲ್ಲಿ ದಂಡ ಬೀಳಬಹುದು. ಬಿದ್ದರೆ ಆ ದಂಡವನ್ನು 72,000ದಿಂದ ಕಳೆದೇ ತೋರಿಸಿ. ಸರಿಪಡಿಸಲು ಕೆಪಾಸಿಟರ್ ಪ್ಯಾನೆಲ್‌ನ ಸೆಟ್ಟಿಂಗ್ ನೋಡಿಸಿ, ಇಲ್ಲವೇ ಇನ್ವರ್ಟರ್‌ನಿಂದಲೇ ರಿಯಾಕ್ಟಿವ್ ಪವರ್ ಕೊಡಿಸಬಹುದೇ ಅಂತ ಹಾಕಿದವರನ್ನು ಕೇಳಿ. ಈಗ ನೀವು ತಂದಿರುವ ಬಿಲ್ಲುಗಳನ್ನು ತೆಗೆಯಿರಿ, ಮೊದಲು ಪವರ್ ಫ್ಯಾಕ್ಟರ್ ಸಾಲು ಹುಡುಕೋಣ.