ಫೇಲ್ ಆದರೆ ಪರವಾಗಿಲ್ಲ, ಪೆಂಡಿಂಗ್ ಬಂದರೆ ಮುಟ್ಟಬೇಡಿ

ನಮಸ್ಕಾರ. ಇವತ್ತು ಸಂಬಳದ ಫೈಲ್ ಬಗ್ಗೆ ಮಾತಾಡೋಣ. ತಿಂಗಳ ಕೊನೆಯಲ್ಲಿ ಅಕೌಂಟ್ಸ್‌ನವರು ಬ್ಯಾಂಕ್ ಪೋರ್ಟಲ್‌ಗೆ ಅಪ್‌ಲೋಡ್ ಮಾಡುತ್ತಾರಲ್ಲ, ಒಂದೇ ಫೈಲ್‌ನಲ್ಲಿ ಇನ್ನೂರು ಮುನ್ನೂರು ಜನರ ಲೆಕ್ಕ, ಅದೇ. ಈ ಕೆಲಸ ಮಾಡುವವರಿಗೆಲ್ಲ ಫೈಲ್ ರಿಜೆಕ್ಟ್ ಆಗಿಬಿಟ್ಟರೆ ಅನ್ನುವ ಭಯ. ಅದಕ್ಕೆ ಅಷ್ಟೊಂದು ಹೆದರಬೇಕಾಗಿಲ್ಲ ಅಂತ ನಾನು ಹೇಳುತ್ತೇನೆ. ಕಂಪನಿಗಳ ದುಡ್ಡು ಹೋಗುವುದು ಎರಡನೇ ಫೈಲ್‌ನಲ್ಲಿ. ಅಂದರೆ, ಮೊದಲ ಫೈಲ್ ಹೋದ ಮೇಲೆ "ಉಳಿದವರಿಗೆ ಇನ್ನೊಂದು ಸಲ ಕಳಿಸಿಬಿಡೋಣ" ಅಂತ ಅವಸರದಲ್ಲಿ ಮಾಡುತ್ತೇವಲ್ಲ, ಅದರಲ್ಲಿ.

ಪೀಣ್ಯದಲ್ಲಿ ಒಂದು ಕಾರ್ಖಾನೆ ಇದೆ ಅಂದುಕೊಳ್ಳಿ. 214 ಜನ. ಸರಾಸರಿ ಸಂಬಳ 22,500. ಒಟ್ಟು 48,15,000 ರೂಪಾಯಿ. ಪೇರೋಲ್ ಸಾಫ್ಟ್‌ವೇರ್‌ನಿಂದ ಫೈಲ್ ಇಳಿಸಿ, ಮೇಕರ್ ಅಪ್‌ಲೋಡ್ ಮಾಡುತ್ತಾರೆ, ಚೆಕರ್ ಒಪ್ಪಿಗೆ ಕೊಡುತ್ತಾರೆ. ಕಾಗದದ ಮೇಲೆ ಇಬ್ಬರು. ನಿಜದಲ್ಲಿ ಎಷ್ಟೋ ಕಡೆ ಎರಡೂ ಪಾಸ್‌ವರ್ಡ್ ಒಬ್ಬರ ಹತ್ತಿರವೇ ಇರುತ್ತವೆ. ಓಟಿಪಿ ಮಾತ್ರ ಮಾಲೀಕರ ಫೋನಿಗೆ ಹೋಗುತ್ತದೆ. "ಸಾರ್, ಓಟಿಪಿ ಬಂತಾ?" "ಬಂತು, ಬರ್ಕೊಳಪ್ಪ." ಮುಗೀತು, ಚೆಕಿಂಗ್ ಆಯ್ತು!

ಕಂಪನಿ ಖಾತೆಯಿಂದ 48,15,000 ಒಂದೇ ಏಟಿಗೆ ಕಟ್ ಆಗುತ್ತದೆ. ಸ್ಟೇಟ್‌ಮೆಂಟ್‌ನಲ್ಲೂ ಒಂದೇ ಸಾಲು. ಹಾಗಾಗಿ ಎಲ್ಲರಿಗೂ ಒಟ್ಟಿಗೇ ದುಡ್ಡು ಹೋಯಿತು ಅನ್ನಿಸುತ್ತದೆ. ಆದರೆ ಒಟ್ಟಿಗೆ ಅನ್ನುವುದೆಲ್ಲ ನಿಮ್ಮ ಬ್ಯಾಂಕಿನ ಬಾಗಿಲ ತನಕ ಮಾತ್ರ. ಅಲ್ಲಿಂದ ಮುಂದೆ 214 ಬೇರೆ ಬೇರೆ ಪಾವತಿಗಳು. ಅದೇ ಬ್ಯಾಂಕಿನಲ್ಲಿ ಖಾತೆ ಇರುವವರಿಗೆ ಒಳಗಿಂದೊಳಗೇ ತಕ್ಷಣ ಜಮೆ ಆಗುತ್ತದೆ. ಉಳಿದವರದು ಸಾಮಾನ್ಯವಾಗಿ ನೆಫ್ಟ್‌ನಲ್ಲಿ ಹೋಗುತ್ತದೆ. ನೆಫ್ಟ್ 2019ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ ನಡೆಯುತ್ತಿದೆ, ಅರ್ಧ ಗಂಟೆಗೊಂದು ಬ್ಯಾಚ್. ಒಬ್ಬೊಬ್ಬರ ದುಡ್ಡು ಅವರವರ ಬ್ಯಾಂಕ್ ತಲುಪಬೇಕು, ಆ ಬ್ಯಾಂಕ್ ಖಾತೆಗೆ ಹಾಕಬೇಕು, ಇಲ್ಲವೇ ವಾಪಸ್ ಕಳಿಸಬೇಕು. ಹಾಗಾಗಿ ಉತ್ತರವೂ ಒಬ್ಬೊಬ್ಬರದು ಒಂದೊಂದು ಹೊತ್ತಿಗೆ ಬರುತ್ತದೆ.

ಸಂಜೆ ರಿಪೋರ್ಟ್ ತೆಗೆದು ನೋಡಿದರೆ, 203 ಸಕ್ಸಸ್, 4 ಫೇಲ್, 7 ಪೆಂಡಿಂಗ್.

ಆ 4 ಫೇಲ್ ಇದೆಯಲ್ಲ, ಅದು ಒಳ್ಳೆಯ ಸುದ್ದಿ. ಯಾಕೆ ಅಂದರೆ ಅದರಲ್ಲಿ ಅನುಮಾನಕ್ಕೆ ಜಾಗವಿಲ್ಲ. ಖಾತೆ ಮುಚ್ಚಿದೆ, ಖಾತೆ ಫ್ರೀಜ್ ಆಗಿದೆ, ಐಎಫ್‌ಎಸ್‌ಸಿ ಸರಿಯಿಲ್ಲ, ಹೀಗೆ ಕಾರಣವೂ ಅಲ್ಲೇ ಬರೆದಿರುತ್ತದೆ. ನಮ್ಮ ರಾಜ್ಯದವರಿಗೆ ಇದು ಚೆನ್ನಾಗಿ ಗೊತ್ತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್, ಇಲ್ಲಿ ಮನೆಮಾತಾಗಿದ್ದ ಬ್ಯಾಂಕುಗಳು ಒಂದಾದ ಮೇಲೊಂದು ವಿಲೀನ ಆದವು. ಸಿಂಡಿಕೇಟ್‌ನ `SYNB` ಕೋಡ್‌ಗಳು 2021ರ ಜುಲೈ 1ರಿಂದ ನಿಂತೇಹೋದವು. ಹಳೇ ಪಾಸ್‌ಬುಕ್ ಜೆರಾಕ್ಸ್ ಕೊಟ್ಟವರ ಸಂಬಳ ವಾಪಸ್ ಬಂತು. ಬಂದ ದುಡ್ಡು ಕಂಪನಿ ಖಾತೆಯಲ್ಲಿ ಕಣ್ಣಿಗೆ ಕಾಣುತ್ತದೆ. ಕೋಡ್ ಸರಿಮಾಡಿ ಮತ್ತೆ ಕಳಿಸಿದರೆ ಆಯ್ತು, ಯಾರಿಗೂ ನಷ್ಟವಿಲ್ಲ.

ಪೆಂಡಿಂಗ್ ಹಾಗಲ್ಲ. ದುಡ್ಡು ನಿಮ್ಮಿಂದ ಹೊರಟಿದೆ, ಆ ಕಡೆಯಿಂದ ಉತ್ತರ ಬಂದಿಲ್ಲ ಅಂತ ಅದರ ಅರ್ಥ. ತಲುಪಿರಬಹುದು, ತಲುಪದೇ ಇರಬಹುದು. ಆ ಹೊತ್ತಿನಲ್ಲಿ ನಿಮಗೂ ಗೊತ್ತಿಲ್ಲ, ನಿಮ್ಮ ಬ್ಯಾಂಕಿಗೂ ಗೊತ್ತಿಲ್ಲ.

ಈಗ ಎಚ್‌ಆರ್ ಫೋನ್ ಬಡಿದುಕೊಳ್ಳಲು ಶುರುವಾಗುತ್ತದೆ. "ಎಲ್ಲರಿಗೂ ಬಂತು, ನನಗೆ ಮಾತ್ರ ಬಂದಿಲ್ಲ ಮೇಡಂ." ಮಾಲೀಕರು ಹೇಳುತ್ತಾರೆ, ಇವತ್ತೇ ಎಲ್ಲರಿಗೂ ಹೋಗಬೇಕು. ಅಕೌಂಟ್ಸ್ ಹುಡುಗ ಏನು ಮಾಡುತ್ತಾನೆ? 4 ಫೇಲ್, 7 ಪೆಂಡಿಂಗ್, ಒಟ್ಟು 11 ಜನ ಅಂತ ಹೊಸ ಫೈಲ್ ಮಾಡಿ ಹಾಕುತ್ತಾನೆ. ರಾತ್ರಿ ಹೊತ್ತಿಗೆ ಆ ಏಳರಲ್ಲಿ ಆರು ಮೊದಲ ಫೈಲ್‌ನಿಂದಲೇ ಜಮೆ ಆಗಿರುತ್ತವೆ. ಒಂದು ಮಾತ್ರ ವಾಪಸ್ ಬಂದಿರುತ್ತದೆ. ಆರು ಜನರಿಗೆ ಎರಡೆರಡು ಸಂಬಳ. ಸರಾಸರಿ ಲೆಕ್ಕ ಹಾಕಿದರೂ 1,35,000 ರೂಪಾಯಿ.

ಇನ್ನೊಂದು ವಿಷಯ. ಮೊದಲ ಫೈಲ್ ಸಾಫ್ಟ್‌ವೇರ್‌ನಿಂದ ಬಂದದ್ದು. ಎರಡನೆಯದು ಎಕ್ಸೆಲ್‌ನಲ್ಲಿ ಕೈಯಿಂದ ಕಾಪಿ ಪೇಸ್ಟ್ ಮಾಡಿದ್ದು. ಎಕ್ಸೆಲ್ ಒಂದು ಸಂಖ್ಯೆಯ ಮೊದಲ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. 16 ಅಂಕಿಯ ಖಾತೆ ಸಂಖ್ಯೆ ಹಾಕಿದರೆ ಕೊನೆಯ ಅಂಕಿ ಸದ್ದಿಲ್ಲದೆ ಸೊನ್ನೆ ಆಗುತ್ತದೆ. ಶುರುವಿನಲ್ಲಿ ಸೊನ್ನೆಗಳಿದ್ದರೆ ಅವೂ ಹಾರಿಹೋಗುತ್ತವೆ. ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಅಂತ ಫಾರ್ಮ್ಯಾಟ್ ಮಾಡಿರಬೇಕು, ಆಮೇಲೆ ಮಾಡಿದರೆ ಹೋದ ಅಂಕಿ ವಾಪಸ್ ಬರಲ್ಲ. ಇದಕ್ಕಿಂತ ಕೆಟ್ಟದ್ದು ಅಂದರೆ ಖಾತೆ ಸಂಖ್ಯೆಯ ಕಾಲಂ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೆಸರಿನ ಪ್ರಕಾರ ಸಾರ್ಟ್ ಮಾಡುವುದು. ಹೆಸರುಗಳು ಅಕಾರಾದಿಯಾಗಿ ನೀಟಾಗಿ ಕೂರುತ್ತವೆ, ಖಾತೆ ಸಂಖ್ಯೆಗಳು ಇದ್ದಲ್ಲೇ ಇರುತ್ತವೆ. ರಮೇಶನ ಮುಂದೆ ಶಬಾನಾ ಖಾತೆ. ಚೆಕರ್ ಏನು ನೋಡುತ್ತಾರೆ? 11 ಸಾಲು ಇದೆಯಾ, ಮೊತ್ತ ಸರಿಯಿದೆಯಾ. ಎರಡೂ ಸರಿಯಾಗೇ ಇರುತ್ತವೆ, ಅಲ್ವಾ? ಸಾಲು ಹೆಚ್ಚು ಕಡಿಮೆ ಆಗಿಲ್ಲ, ದುಡ್ಡೂ ಹೆಚ್ಚು ಕಡಿಮೆ ಆಗಿಲ್ಲ. ಒಪ್ಪಿಗೆ ಬಿತ್ತು.

ಹೆಸರು ಹೊಂದದಿದ್ದರೆ ಬ್ಯಾಂಕ್ ನಿಲ್ಲಿಸುತ್ತದೆ ಅಂತ ನಂಬಿಕೊಂಡವರು ಇದ್ದಾರೆ. ನಿಲ್ಲಿಸುವುದಿಲ್ಲ. ನೆಫ್ಟ್‌ನಲ್ಲಿ ಜಮೆ ಆಗುವುದು ಖಾತೆ ಸಂಖ್ಯೆ ನೋಡಿ ಮಾತ್ರ. 2025ರ ಏಪ್ರಿಲ್‌ನಿಂದ ದುಡ್ಡು ಕಳಿಸುವ ಮೊದಲು ಖಾತೆದಾರರ ಹೆಸರು ನೋಡುವ ಸೌಲಭ್ಯ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಒಬ್ಬರಿಗೆ ಕಳಿಸುವಾಗ ಅದು ಚೆನ್ನಾಗಿದೆ. ಫೈಲ್ ಹಾಕುವಾಗ ಒಬ್ಬೊಬ್ಬರ ಹೆಸರು ಓದಿ ನೋಡುತ್ತಾ ಯಾರು ಕೂರುತ್ತಾರೆ? ಹಾಗಾಗಿ ಕೆಲಸಕ್ಕೆ ಸೇರಿದ ದಿನವೇ ಆ ಖಾತೆಗೆ ಒಂದು ರೂಪಾಯಿ ಕಳಿಸಿ, ಬ್ಯಾಂಕ್ ತೋರಿಸುವ ಹೆಸರನ್ನು ಹೊಂದಿಸಿ, ಮಾಸ್ಟರ್ ಪಟ್ಟಿಗೆ ಸೇರಿಸಿಬಿಡಬೇಕು. ಆಮೇಲೆ ಫೈಲ್ ಮೊದಲನೆಯದೋ ಎರಡನೆಯದೋ, ಚೆಕರ್ ಮಾಡಬೇಕಾದ್ದು ಒಂದೇ. ಎಂಪ್ಲಾಯಿ ನಂಬರ್ ಹಿಡಿದು ಮಾಸ್ಟರ್‌ನಲ್ಲಿರುವ ಖಾತೆ ಸಂಖ್ಯೆಯನ್ನೂ ಫೈಲ್‌ನಲ್ಲಿರುವುದನ್ನೂ ಸಾಲು ಸಾಲಾಗಿ ಹೋಲಿಸಬೇಕು. ಎಕ್ಸೆಲ್‌ನ ಒಂದು ವಿಲುಕಪ್ ಫಾರ್ಮುಲಾ ಸಾಕು, ಐದು ನಿಮಿಷದ ಕೆಲಸ.

ಸರಿ, ಪೆಂಡಿಂಗ್‌ಗೆ ವಾಪಸ್ ಬರೋಣ. ಎಷ್ಟು ಹೊತ್ತು ಕಾಯಬೇಕು? ಮೊದಲು ಆ ಸಾಲಿನಲ್ಲಿ ಯುಟಿಆರ್ ನಂಬರ್, ಅಂದರೆ ಬ್ಯಾಂಕ್ ಆ ಪಾವತಿಗೆ ಕೊಡುವ ಗುರುತಿನ ಸಂಖ್ಯೆ, ಇದೆಯಾ ನೋಡಿ. ಇಲ್ಲದಿದ್ದರೆ ದುಡ್ಡು ಬಹುಶಃ ನಿಮ್ಮ ಬ್ಯಾಂಕಿನಲ್ಲೇ ನಿಂತಿದೆ, ಅವರನ್ನೇ ಕೇಳಬೇಕು. ಇದ್ದರೆ ಹೊರಟಿದೆ. ನೆಫ್ಟ್ ಆದರೆ ಬ್ಯಾಚ್ ಮುಗಿದ ಎರಡು ಗಂಟೆಯೊಳಗೆ ಆ ಬ್ಯಾಂಕ್ ಜಮೆ ಮಾಡಬೇಕು ಅಥವಾ ವಾಪಸ್ ಕಳಿಸಬೇಕು. ತಡವಾದರೆ ರೆಪೋ ದರದ ಮೇಲೆ ಶೇಕಡಾ 2 ಸೇರಿಸಿ ಬಡ್ಡಿ ಕೊಡಬೇಕು. ಅಂದರೆ ನಾಲ್ಕು ಗಂಟೆಯ ಬ್ಯಾಚ್‌ನಲ್ಲಿ ಹೋದದ್ದಕ್ಕೆ ಆರು ಗಂಟೆ ಸುಮಾರಿಗೆ ಉತ್ತರ ಸಿಗಬೇಕು. ಐಎಂಪಿಎಸ್‌ನಲ್ಲಿ ಕಳಿಸಿದ್ದರೆ ಇನ್ನೂ ಸ್ವಲ್ಪ ತಾಳ್ಮೆ ಬೇಕು. ಆ ಕಡೆಯ ಬ್ಯಾಂಕ್ ಉತ್ತರ ಕೊಡುವಷ್ಟರಲ್ಲಿ ಸಮಯ ಮೀರಿಹೋದರೆ ಅದು ತೀರ್ಮಾನ ಆಗುವುದು ಮಾರನೇ ದಿನದ ಲೆಕ್ಕ ಹೊಂದಾಣಿಕೆಯಲ್ಲಿ. ಜಮೆ ಆಗದಿದ್ದರೆ ಮಾರನೇ ದಿನದೊಳಗೆ ದುಡ್ಡು ತಾನಾಗಿ ವಾಪಸ್ ಬರಬೇಕು, ಅದಕ್ಕಿಂತ ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.

ಅಷ್ಟರವರೆಗೆ ಆ ಏಳು ಸಾಲು ಮುಟ್ಟಬಾರದು. ಎರಡನೇ ಫೈಲ್‌ನಲ್ಲಿ ಇರಬೇಕಾದವರು ನಾಲ್ಕೇ ಜನ. ಅವರ ದುಡ್ಡು ವಾಪಸ್ ಬಂದದ್ದು ಸ್ಟೇಟ್‌ಮೆಂಟ್‌ನಲ್ಲಿ ಕಂಡ ಮೇಲೆ.

ಈ ಪೋರ್ಟಲ್‌ಗಳನ್ನು ಮಾಡುವವರ ಮೇಲೂ ನನಗೆ ಸಿಟ್ಟಿದೆ. ಪ್ರತಿ ಸಾಲಿಗೂ ಒಂದು ರೆಫರೆನ್ಸ್ ನಂಬರ್ ಇರುತ್ತದೆ, ಉದಾಹರಣೆಗೆ `SAL-JUN-0147`. ಅದೇ ನಂಬರ್ ಎರಡನೇ ಸಲ ಬಂದರೆ ಒಳ್ಳೆಯ ವ್ಯವಸ್ಥೆ "ಇದು ಆಗಲೇ ಇದೆ" ಅಂತ ತಡೆಯುತ್ತದೆ. ಡಬಲ್ ಪಾವತಿಗೆ ಇರುವ ಅತಿ ಸುಲಭದ ಬೇಲಿ ಅದು. ಆದರೆ ನಮ್ಮವರು ಏನು ಮಾಡುತ್ತಾರೆ? ಎರರ್ ಬಂತಲ್ಲ ಅಂತ ಕೊನೆಗೆ `-R` ಸೇರಿಸಿ `SAL-JUN-0147-R` ಮಾಡುತ್ತಾರೆ. ಈಗ ವ್ಯವಸ್ಥೆಯ ಕಣ್ಣಿಗೆ ಅದು ಬೇರೆಯದೇ ಪಾವತಿ. ಫೇಲ್ ಆದ ಸಾಲಿಗೆ ಮಾತ್ರ ಹೊಸ ನಂಬರ್, ಪೆಂಡಿಂಗ್ ಸಾಲಿಗೆ ಹೊಸ ನಂಬರ್ ಇಲ್ಲವೇ ಇಲ್ಲ ಅಂತ ಕಂಪನಿಯಲ್ಲಿ ನಿಯಮ ಇರಬೇಕು. ಫೇಲ್, ಪೆಂಡಿಂಗ್ ಎರಡನ್ನೂ ಒಂದೇ ಬಣ್ಣದಲ್ಲಿ ತೋರಿಸಿ, ಪಕ್ಕದಲ್ಲಿ ಎಲ್ಲವನ್ನೂ ಮತ್ತೆ ಕಳಿಸುವ ಬಟನ್ ಕೊಡುವ ಸಾಫ್ಟ್‌ವೇರ್ ಇದ್ದರೆ, ಅದನ್ನು ಮಾಡಿದವರು ಒಂದು ಸಲವಾದರೂ ಸಂಬಳ ಹಾಕಿ ನೋಡಿಲ್ಲ.

ಹೆಚ್ಚು ಹೋದದ್ದನ್ನು ವಾಪಸ್ ತರುವುದು ಸುಲಭ ಅಂದುಕೊಳ್ಳಬೇಡಿ. ನಿಮ್ಮ ಬ್ಯಾಂಕ್ ಸುಮ್ನೆ ಅವರ ಖಾತೆಯಿಂದ ಎಳೆದುಕೊಳ್ಳುವ ಹಾಗಿಲ್ಲ, ಖಾತೆದಾರರು ಒಪ್ಪಬೇಕು. ಐದನೇ ತಾರೀಖು ಇಎಂಐ ಕಟ್ ಆಗಿ ಹೋಗಿದ್ದರೆ ಅವರ ಹತ್ತಿರವೂ ಇರಲ್ಲ. ಮುಂದಿನ ಸಂಬಳದಲ್ಲಿ ಹಿಡಿಯಲು ಕಾನೂನು ಬಿಡುತ್ತದೆ. ಆದರೆ ಸಾಮಾನ್ಯವಾಗಿ ಒಟ್ಟು ಕಡಿತ ಸಂಬಳದ ಅರ್ಧ ದಾಟಬಾರದು. ಹಾಗಾಗಿ ಪೂರ್ತಿ ಒಂದು ಸಂಬಳ ಹೆಚ್ಚು ಹೋಗಿದ್ದರೆ ಕನಿಷ್ಠ ಎರಡು ತಿಂಗಳು ಬೇಕು. ಪಿಎಫ್, ಇಎಸ್‌ಐ ಕಡಿತಗಳೂ ಆ ಅರ್ಧದೊಳಗೇ ಬರುವುದರಿಂದ ಇನ್ನೂ ಜಾಸ್ತಿಯೇ. ಆ ಆರರಲ್ಲಿ ಒಬ್ಬರು ಕೆಲಸ ಬಿಟ್ಟು ಹೊರಟವರಾಗಿದ್ದರೆ ಮುಂದಿನ ಸಂಬಳವೇ ಇಲ್ಲ. ಸಪ್ಲೈಯರ್‌ಗಳ ಬಿಲ್ ಆದರೆ ಪರವಾಗಿಲ್ಲ, ಮುಂದಿನ ಬಿಲ್‌ನಲ್ಲಿ ಹೊಂದಿಸಿಕೊಳ್ಳಬಹುದು. ಅದೂ ಅವರ ಜೊತೆ ವ್ಯವಹಾರ ಮುಂದುವರಿದರೆ.

ಕಾಯಿರಿ ಅಂತ ನಾನೇನೋ ಹೇಳಿಬಿಟ್ಟೆ. ಬಾಡಿಗೆ ಕಟ್ಟಬೇಕಾದವರಿಗೆ ಯುಟಿಆರ್ ನಂಬರ್ ಹೇಳಿದರೆ ಹೊಟ್ಟೆ ತುಂಬುತ್ತದಾ ಅಂತ ನೀವು ಕೇಳಬಹುದು. ನ್ಯಾಯವಾದ ಮಾತು. ನಂಬರನ್ನು ಹೇಗೂ ಕಳಿಸಿ, ಅವರ ಬ್ಯಾಂಕಿಗೆ ಹೋಗಿ ಕೇಳಲು ಅದೇ ಬೇಕು. ಆದರೆ ಇವತ್ತೇ ದುಡ್ಡು ಬೇಕಾದವರಿಗೆ ಇನ್ನೊಂದು ಸಂಬಳ ಕಳಿಸಬೇಡಿ, ಅಡ್ವಾನ್ಸ್ ಕೊಡಿ. ಎರಡೋ ಮೂರೋ ಸಾವಿರ, ವೋಚರ್ ಬರೆದು, ಸಹಿ ಹಾಕಿಸಿಕೊಂಡು, ಅಡ್ವಾನ್ಸ್ ಲೆಕ್ಕದಲ್ಲೇ ತೋರಿಸಿ. ಪೆಂಡಿಂಗ್ ಇದ್ದದ್ದು ಜಮೆ ಆದರೆ ಮುಂದಿನ ತಿಂಗಳು ಅದನ್ನು ಹಿಡಿಯಿರಿ. ವಾಪಸ್ ಬಂದರೆ ಅಡ್ವಾನ್ಸ್ ಕಳೆದು ಉಳಿದದ್ದನ್ನು ಕಳಿಸಿ. ಸಂಬಳ ಕೊಟ್ಟು ಮುಗಿಸಬೇಕಾದ ಏಳನೇ ತಾರೀಖಿನ ಗಡುವಿಗೆ ಇನ್ನೂ ದಿನ ಇರಬೇಕು ಅಂದರೆ ಮೊದಲ ಫೈಲ್ ಮೂವತ್ತಕ್ಕೋ ಒಂದಕ್ಕೋ ಹೋಗಿರಬೇಕು, ಆರನೇ ತಾರೀಖು ಸಂಜೆ ಅಲ್ಲ.