ಲ್ಯಾಡರ್ ಫ್ರೇಮಾ, ಮೋನೋಕಾಕಾ: ಭಾರ ಎಲ್ಲಿ ಕೂರತ್ತೆ ಅಂತ ಮೊದಲು ನೋಡಿ

ಎಲ್ರಿಗೂ ನಮಸ್ಕಾರ. ಎಸ್‌ಯುವಿ ತಗೊಳ್ಳೋಕೆ ಹೊರಟವರು ನನ್ನ ಹತ್ರ ಕೇಳೋ ಮೊದಲ್ನೇ ಪ್ರಶ್ನೆ ಯಾವಾಗ್ಲೂ ಒಂದೇ, ಲ್ಯಾಡರ್ ಫ್ರೇಮ್ ಗಾಡಿ ಗಟ್ಟಿ ಅಲ್ವಾ ಸರ್ ಅಂತ. ಹೌದು ಅಂದ್ರೂ ಅರ್ಧ ಸರಿ, ಅಲ್ಲ ಅಂದ್ರೂ ಅರ್ಧ ಸರಿ. ಯಾವ ಭಾರಕ್ಕೆ ಗಟ್ಟಿ, ಆ ಭಾರ ಗಾಡೀಲಿ ಎಲ್ಲಿ ಬಂದು ಕೂರತ್ತೆ ಅನ್ನೋದು ಗೊತ್ತಾಗೋ ತನಕ ಈ ಪ್ರಶ್ನೆಗೆ ಉತ್ತರ ಇಲ್ಲ. ಇವತ್ತು ಜಾಸ್ತಿ ಹೊತ್ತು ಎರಡು ವಿಷಯಕ್ಕೆ ಕೊಡ್ತೀನಿ, ಒಂದು ಟ್ರೈಲರ್ ಎಳೆಯೋದು, ಇನ್ನೊಂದು ಗುದ್ದಿದ ಮೇಲೆ ರಿಪೇರಿ. ಯಾಕಂದ್ರೆ ದುಡ್ಡು ಹೋಗೋದು ಅಲ್ಲೇ.

ಮೊದಲು ರಚನೆ ಹೇಳ್ಬಿಡ್ತೀನಿ. ಲ್ಯಾಡರ್ ಫ್ರೇಮಲ್ಲಿ ಮುಂದಿನಿಂದ ಹಿಂದಿನವರೆಗೂ ಎರಡು ಉದ್ದದ ಸ್ಟೀಲ್ ರೈಲು, ನಡುವೆ ಅಡ್ಡ ಮೆಂಬರುಗಳು, ಏಣಿ ಥರ. ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಎಲ್ಲಾ ಇದಕ್ಕೇ ಕೂರತ್ತೆ, ಬಾಡಿ ಮಾತ್ರ ಬೇರೆ, ಅದು ರಬ್ಬರ್ ಮೌಂಟ್‌ಗಳ ಮೇಲೆ ಬೋಲ್ಟ್ ಆಗಿರತ್ತೆ. ಮೋನೋಕಾಕಲ್ಲಿ ಆ ಏಣಿನೇ ಇಲ್ಲ, ಫ್ಲೋರು, ಬಾಗಿಲ ಕೆಳಗಿನ ಸಿಲ್ಲು, ಪಿಲ್ಲರು, ರೂಫು ಇವೆಲ್ಲಾ ಸಾವಿರಾರು ಸ್ಪಾಟ್ ವೆಲ್ಡಿಂದ ಸೇರಿ ಒಂದೇ ಪೆಟ್ಟಿಗೆ ಆಗಿ ಭಾರ ಹೊರತ್ತೆ. ಮುಚ್ಚಳ ಇಲ್ಲದ ರಟ್ಟಿನ ಡಬ್ಬೀನ ಕೈಯಲ್ಲಿ ಹಿಡಿದು ತಿರುಚಿ ನೋಡಿ, ಸುಲಭವಾಗಿ ತಿರುಚಿಕೊಳ್ಳತ್ತೆ, ಅದೇ ಡಬ್ಬಿಗೆ ಮುಚ್ಚಳ ಹಾಕಿ ಸುತ್ತಲೂ ಟೇಪ್ ಅಂಟಿಸಿದ್ರೆ ಅಲ್ಲಾಡಲ್ಲ. ಮೋನೋಕಾಕಿನ ಗಟ್ಟಿತನ ಇರೋದು ಹಾಗೆ, ತಗಡು ತೆಳ್ಳಗಿದ್ರೂ ಆಕಾರ ಮುಚ್ಚಿಕೊಂಡಿದೆ. ಇದು ಹೊಸ ವಿದ್ಯೆನೂ ಅಲ್ಲ, 1922ರ ಲಾನ್ಸಿಯಾ ಲಾಂಬ್ಡಾ ಕಾರಲ್ಲೇ ಬಂದಿತ್ತು, ಆಫ್‌ರೋಡಿಗೆ ಹೆಸರಾದ ಜೀಪ್ ಚೆರೋಕಿ 1984ರ ಮಾಡೆಲಿಂದಾನೇ ಮೋನೋಕಾಕ್.

ಹಾಗಾಗಿ ತಿರುಚುವಿಕೆ ಲೆಕ್ಕದಲ್ಲಿ ಗೆಲ್ಲೋದು ಸಾಮಾನ್ಯವಾಗಿ ಮೋನೋಕಾಕೇ. ರೋಡಲ್ಲಿ ಕೂತವರಿಗೆ ಗೊತ್ತಾಗೋದೂ ಇದೇ. ಲ್ಯಾಡರ್ ಗಾಡಿ ಉಬ್ಬುತಗ್ಗು ಹತ್ತಿ ಇಳಿದಾದ ಮೇಲೂ ಸ್ಟೀರಿಂಗಲ್ಲಿ, ಸೀಟಲ್ಲಿ ಒಂದು ಸಣ್ಣ ನಡುಕ ಉಳಿಯತ್ತಲ್ಲ, ಅದು ಫ್ರೇಮು ಒಂದು ಕಡೆ ಬಾಡಿ ಒಂದು ಕಡೆ ಬೇರೆಬೇರೆಯಾಗಿ ಅಲ್ಲಾಡೋದು. ಅದರ ಜೊತೆಗೆ ಹಿಂದೆ ಲೈವ್ ಆಕ್ಸಲ್, ಅಂದ್ರೆ ಎರಡೂ ಚಕ್ರಗಳನ್ನ ಸೇರಿಸೋ ಒಂದೇ ಗಟ್ಟಿ ಆಕ್ಸಲ್, ಇದ್ರೆ ಡಿಫರೆನ್ಷಿಯಲ್ ಸಮೇತ ಆ ತೂಕ ಪೂರ್ತಿ ಚಕ್ರದ ಜೊತೆಗೇ ಕುಣಿಯತ್ತೆ, ಎತ್ತಿ ಹಾಕೋದು ಅದಕ್ಕೇ. ಆದ್ರೆ ಇದರಲ್ಲಿ ಎಷ್ಟು ಫ್ರೇಮಿನ ತಪ್ಪು ಎಷ್ಟು ಸ್ಪ್ರಿಂಗಿನ ತಪ್ಪು ಅಂತ ಬೇರೆ ಮಾಡಿ ನೋಡ್ಬೇಕು, ಭಾರಕ್ಕೆ ಅಂತ ಬಿಗಿ ಮಾಡಿದ ಲೀಫ್ ಸ್ಪ್ರಿಂಗ್ ಖಾಲಿ ಗಾಡೀಲಿ ಒದೆಯೋದು ಸಹಜ, ಲೋಡ್ ಹಾಕಿದ್ರೆ ಅದೇ ಗಾಡಿ ಸಮಾಧಾನವಾಗಿ ಹೋಗತ್ತೆ. ಟೆಸ್ಟ್ ಡ್ರೈವ್ ಮಾಡುವಾಗ ಒಬ್ಬರೇ ಕೂತು ತೀರ್ಮಾನ ಮಾಡ್ಬೇಡಿ ಅಂತ ನಾನು ಹೇಳೋದು ಇದಕ್ಕೇ.

ಹಾಗಾದ್ರೆ ಲ್ಯಾಡರ್ ಫ್ರೇಮ್ ಯಾತಕ್ಕೆ ಗಟ್ಟಿ? ಒಂದೇ ಜಾಗಕ್ಕೆ ಬೀಳೋ ಭಾರಕ್ಕೆ. ವಿಂಚು, ಟ್ರೈಲರನ್ನ ಗಾಡಿಗೆ ಸಿಕ್ಕಿಸೋ ಹಿಚ್ಚು, ಗುಂಡೀಲಿ ಸಿಕ್ಕಿದ ಗಾಡೀನ ಎಳೆಯೋ ಕೊಕ್ಕೆ, ಇವೆಲ್ಲಾ ಒಂದು ಬಿಂದುವಲ್ಲಿ ಜಗ್ಗುತ್ತವೆ. ದಪ್ಪ ರೈಲಿಗೆ ಬೋಲ್ಟ್ ಹಾಕಿದ್ರೆ ಅದು ತಡ್ಕೊಳ್ಳತ್ತೆ. ತೆಳು ತಗಡಿಗೆ ಅದೇ ಬೋಲ್ಟ್ ಹಾಕಿದ್ರೆ ತೂತು ಅಗಲ ಆಗತ್ತೆ, ಸುತ್ತ ಬಣ್ಣ ಬಿರುಕು ಬಿಡತ್ತೆ. ಮೋನೋಕಾಕಲ್ಲಿ ಅಂಥ ಜಾಗಗಳನ್ನ ಕಂಪನಿಯವರೇ ಒಳಗಡೆಯಿಂದ ಬಲ ಕೊಟ್ಟು ಇಟ್ಟಿರಬೇಕು, ಇಟ್ಟಿದ್ರೆ ಅದೂ ಹೊರತ್ತೆ. 2020ರ ಹೊಸ ಲ್ಯಾಂಡ್ ರೋವರ್ ಡಿಫೆಂಡರ್ ಅಲ್ಯೂಮಿನಿಯಂ ಮೋನೋಕಾಕ್, ಟೊಯೋಟಾ ಲ್ಯಾಂಡ್ ಕ್ರೂಸರ್ 300 ಲ್ಯಾಡರ್ ಫ್ರೇಮ್, ಎರಡಕ್ಕೂ 3,500 ಕೆಜಿ ತನಕ ಬ್ರೇಕ್ ಇರೋ ಟ್ರೈಲರ್ ಎಳೆಯೋ ರೇಟಿಂಗ್ ಇದೆ. ಇನ್ನೊಂದು ಕಡೆ ಫೋರ್ಡ್ ಎಕ್ಸ್‌ಪ್ಲೋರರ್ 2011ರಲ್ಲಿ ಫ್ರೇಮ್ ಬಿಟ್ಟು ಮೋನೋಕಾಕಿಗೆ ಬಂದಾಗ ಎಳೆಯೋ ರೇಟಿಂಗ್ ಕಮ್ಮಿ ಆಯ್ತು, ಆ ಗಾಡಿ ಕುಟುಂಬದ ರೋಡ್ ಬಳಕೆಗೆ ಅಂತ ಮಾಡಿದ್ದು. ಅಂದ್ರೆ ರಚನೆಯ ಹೆಸರು ನೋಡಿ ಹೇಳೋಕಾಗಲ್ಲ, ಆ ಮಾಡೆಲಿನ ರೇಟಿಂಗೇ ನೋಡ್ಬೇಕು.

ಈಗ ಆ ರೇಟಿಂಗನ್ನ ಓದೋದು ಹೇಗೆ ಅಂತ ನೋಡೋಣ, ಇಲ್ಲೇ ಜನ ಮೋಸ ಹೋಗೋದು. ಟ್ರೈಲರ್ ತೂಕದ ಒಂದು ಭಾಗ ಹಿಚ್ ಬಾಲ್ ಮೇಲೆ ಕೆಳಮುಖವಾಗಿ ಕೂರತ್ತೆ, ಆ ಭಾರ ಗಾಡಿಯ ಪೇಲೋಡ್, ಅಂದ್ರೆ ಜನ ಲಗೇಜು ಎಲ್ಲಾ ಸೇರಿ ಗಾಡಿ ಹೊರಬಹುದಾದ ತೂಕ, ಅದರ ಲೆಕ್ಕಕ್ಕೆ ಸೇರತ್ತೆ. ಒಂದು ಉದಾಹರಣೆ ತಗೊಳ್ಳಿ. ಮಧ್ಯಮ ಸೈಜಿನ ಮೋನೋಕಾಕ್ ಗಾಡಿ, ಎಳೆಯೋ ರೇಟಿಂಗ್ 2,000 ಕೆಜಿ, ಪೇಲೋಡ್ 480, ಹಿಚ್ ಮೇಲೆ ಗರಿಷ್ಠ 100 ಕೆಜಿ. ಐದು ಜನ ಕೂತ್ರು, ತಲಾ 70 ಅಂದ್ರೆ 350. ಹಿಚ್ಚಿಗೆ 100. ಅಲ್ಲಿಗೆ 450 ಆಯ್ತು, ಲಗೇಜಿಗೆ ಉಳಿದಿದ್ದು 30 ಕೆಜಿ. ಎಂಜಿನ್ ಆರಾಮಾಗಿ ಎಳೀತಿದೆ, ಆದ್ರೆ ಗಾಡಿ ತುಂಬಿಹೋಗಿದೆ.

ಲ್ಯಾಡರ್ ಗಾಡಿ ಆದ್ರೆ ಈ ತೊಂದ್ರೆ ಇಲ್ಲ ಅಂದ್ಕೋಬೇಡಿ. 3,500 ಕೆಜಿ ರೇಟಿಂಗು, 650 ಪೇಲೋಡು ಇರೋ ದೊಡ್ಡ ಗಾಡಿ ಅಂತಿಟ್ಕೊಳ್ಳಿ. ಪೂರ್ತಿ 3,500 ಎಳೆದ್ರೆ, ಹತ್ತು ಪರ್ಸೆಂಟ್ ಹಿಚ್ ಮೇಲೆ ಅಂದ್ರೂ 350 ಕೆಜಿ, ಅದರ ಮೇಲೆ ಅದೇ ಐದು ಜನ 350, ಒಟ್ಟು 700. ಒಂದು ಬ್ಯಾಗೂ ಇಡದೇ 50 ಕೆಜಿ ಓವರ್‌ಲೋಡ್. ಇನ್ನೂ ಇದೆ. ಹಿಚ್ಚು ಹಿಂದಿನ ಆಕ್ಸಲಿಂದ 1.2 ಮೀಟರ್ ಹಿಂದಕ್ಕಿದೆ, ವೀಲ್‌ಬೇಸ್ 2.8 ಮೀಟರ್ ಅಂದ್ರೆ, 350 ಇಂಟು 1.2 ಭಾಗಿಸು 2.8, ಬರೋದು 150. ಮುಂದಿನ ಚಕ್ರಗಳ ಮೇಲಿಂದ 150 ಕೆಜಿ ಎದ್ದುಹೋಗಿ, ಹಿಂದಿನ ಆಕ್ಸಲ್ ಮೇಲೆ 500 ಕೆಜಿ ಹೆಚ್ಚಾಯ್ತು. ಸ್ಟೀರಿಂಗ್ ಹಗುರ ಆಗೋದು, ಹೆಡ್‌ಲೈಟ್ ಆಕಾಶ ನೋಡೋದು, ಬ್ರೇಕ್ ಹೊಡೆದಾಗ ಮುಂದಿನ ಟೈರಿಗೆ ಹಿಡಿತ ಕಮ್ಮಿ ಆಗೋದು ಎಲ್ಲಾ ಇದರಿಂದ. ಹಾಗಂತ ಹಿಚ್ ಭಾರ ತೀರಾ ಕಮ್ಮಿ ಮಾಡಿ ಟ್ರೈಲರಲ್ಲಿ ಸಾಮಾನೆಲ್ಲಾ ಹಿಂದಕ್ಕೆ ತಳ್ಳಿದ್ರೆ ಸ್ಪೀಡಲ್ಲಿ ಟ್ರೈಲರು ಎಡಕ್ಕೂ ಬಲಕ್ಕೂ ಬಾಲ ಆಡಿಸೋಕೆ ಶುರು ಮಾಡತ್ತೆ, ಅದು ಇನ್ನೂ ಅಪಾಯ. ಇಲ್ಲಿ ಲ್ಯಾಡರ್ ಗಾಡಿಗೆ ನಿಜವಾಗಿ ಸಿಗೋ ಲಾಭ ಅದರ ತೂಕ ಮತ್ತು ಬಿಗಿ ಹಿಂದಿನ ಸ್ಪ್ರಿಂಗು, ಭಾರದ ಗಾಡೀನ ಟ್ರೈಲರ್ ಅಷ್ಟು ಸುಲಭವಾಗಿ ಅಲ್ಲಾಡಿಸೋಕಾಗಲ್ಲ.

ಒಂದು ಮಾತು ದಯವಿಟ್ಟು ನೆನಪಿಡಿ. ಕೆಸರಲ್ಲಿ ಸಿಕ್ಕಿದ ಗಾಡೀನ ಹಿಚ್ ಬಾಲಿಗೆ ಹಗ್ಗ ಹಾಕಿ ಜಗ್ಗಿ ಎಳೀಬೇಡಿ, ಫ್ರೇಮ್ ಯಾವುದಾದ್ರೂ ಸರಿ. ಬಾಲ್ ಮುರಿದ್ರೆ ಗುಂಡಿನ ಹಾಗೆ ಹಾರತ್ತೆ. ಮೋನೋಕಾಕ್ ಗಾಡಿಗಳ ಬಂಪರಲ್ಲಿ ತಿರುಗಿಸಿ ಹಾಕೋ ಕೊಕ್ಕೆ ಇರತ್ತಲ್ಲ, ಅದು ಕೆಟ್ಟ ಗಾಡೀನ ಸಮ ರೋಡಲ್ಲಿ ನೇರವಾಗಿ ಎಳೆಯೋದಕ್ಕೆ, ಓರೆಯಾಗಿ ಜಗ್ಗೋದಕ್ಕಲ್ಲ.

ಈಗ ರಿಪೇರಿ. ಮುಂದಿನ ಒಂದು ಚಕ್ರ ಸ್ಪೀಡಲ್ಲಿ ಡಿವೈಡರಿಗೆ ಗುದ್ದಿದೆ ಅಂತಿಟ್ಕೊಳ್ಳಿ. ಹೊರಗಡೆಯಿಂದ ನೋಡಿದ್ರೆ ವೀಲು ಬೆಂಡು, ಬಂಪರ್ ಗೀರು, ಅಷ್ಟೇ. ಲ್ಯಾಡರ್ ಗಾಡೀಲಿ ಪೆಟ್ಟು ಕಂಟ್ರೋಲ್ ಆರ್ಮಿಂದ ನೇರವಾಗಿ ರೈಲಿಗೆ ಹೋಗತ್ತೆ, ರೈಲು ಬಾಗಿದ್ರೆ ಅಥವಾ ಒಂದು ರೈಲು ಇನ್ನೊಂದಕ್ಕಿಂತ ಹಿಂದೆ ಸರಿದಿದ್ರೆ ಎರಡು ಮೂಲೆಗಳ ಕರ್ಣ ಅಳತೆ ಸಮ ಬರಲ್ಲ. ಅದನ್ನ ಫ್ರೇಮ್ ಮೆಷಿನಲ್ಲಿ ಎಳೆದು ಸರಿ ಮಾಡಬಹುದು, ಜಾಸ್ತಿ ಆಗಿದ್ರೆ ಬಾಡಿ ಎತ್ತಿ ಫ್ರೇಮನ್ನೇ ಬದಲಾಯಿಸಬಹುದು, ದೊಡ್ಡ ಕೆಲಸ, ಆದ್ರೆ ದಾರಿ ಇದೆ.

ಮೋನೋಕಾಕಲ್ಲಿ ಪೆಟ್ಟು ಮೊದಲು ಹೋಗೋದು ಕಂಟ್ರೋಲ್ ಆರ್ಮ್ ಕೂರೋ ಚಿಕ್ಕ ಚೌಕಟ್ಟಿಗೆ, ಅಂದ್ರೆ ಸಬ್‌ಫ್ರೇಮಿಗೆ. ಅಲ್ಲಿಗೇ ನಿಂತರೆ ಅದೃಷ್ಟ, ಅದು ಬೋಲ್ಟ್ ಬಿಚ್ಚಿ ಬದಲಾಯಿಸೋ ಪಾರ್ಟು. ಮುಂದಕ್ಕೆ ಹೋಗಿ, ಸಸ್ಪೆನ್ಷನ್ ಸ್ಟ್ರಟ್ಟಿನ ಮೇಲ್ತುದಿ ಕೂರೋ ಸ್ಟ್ರಟ್ ಟವರ್ ಸರಿದಿದ್ರೆ ಮಾತ್ರ ಕಷ್ಟ, ಯಾಕಂದ್ರೆ ಅದು ಬಾಡಿಯ ಭಾಗವೇ. ಪೆಟ್ಟು ಎಲ್ಲಿ ತನಕ ಹೋಗಿದೆ ಅಂತ ಕಂಡುಹಿಡಿಯೋಕೆ ಅಲೈನ್‌ಮೆಂಟ್ ಶೀಟೇ ಸಾಕ್ಷಿ. ಅದರಲ್ಲಿ ಕ್ಯಾಂಬರ್ ಅಂತ ಒಂದು ಕೋನ ಇರತ್ತೆ, ಮುಂದಿನಿಂದ ನೋಡಿದ್ರೆ ಚಕ್ರ ಒಳಗೋ ಹೊರಗೋ ಎಷ್ಟು ವಾಲಿದೆ ಅನ್ನೋದು, ಎಸ್‌ಎಐ ಅಂತ ಇನ್ನೊಂದು, ಅದು ಸ್ಟೀರಿಂಗ್ ತಿರುಗೋ ಅಕ್ಷ ಎಷ್ಟು ಓರೆ ಇದೆ ಅನ್ನೋದು. ಎರಡನ್ನೂ ಕೂಡಿ, ಎಡಗಡೆದು ಬಲಗಡೆದು ಹೋಲಿಸಿ. ಕ್ಯಾಂಬರ್ ಬೇರೆ, ಎಸ್‌ಎಐ ಬೇರೆ, ಆದ್ರೆ ಮೊತ್ತ ಎರಡೂ ಕಡೆ ಒಂದೇ ಬಂದ್ರೆ ಟವರೋ ಸಬ್‌ಫ್ರೇಮೋ ಜಾಗ ಬಿಟ್ಟಿದೆ. ಮೊತ್ತಾನೇ ಬೇರೆ ಬಂದ್ರೆ ಸ್ಟ್ರಟ್ಟೋ ಚಕ್ರದ ಹಬ್ ಹಿಡಿಯೋ ಸ್ಟೀರಿಂಗ್ ನಕಲ್ಲೋ ಬೆಂಡಾಗಿದೆ, ಅದು ಬದಲಾಯಿಸೋ ಪಾರ್ಟು. ಈ ಕೂಡಿಸೋ ಲೆಕ್ಕ ಮಾಡದೇ ಬರೀ ಕ್ಯಾಂಬರನ್ನ ಬೋಲ್ಟ್ ಹಾಕಿ ಸರಿ ಮಾಡಿ ಕಳಿಸೋ ವರ್ಕ್‌ಶಾಪ್ ಇದ್ರೆ, ಒಳಗಿನ ತೊಂದರೆ ಹಾಗೇ ಉಳಿದಿರಬಹುದು, ದಯವಿಟ್ಟು ಆ ಗಾಡಿ ಡೆಲಿವರಿ ತಗೋಬೇಡಿ.

ಮೋನೋಕಾಕಲ್ಲಿ ಇನ್ನೊಂದು ಸೂಕ್ಷ್ಮ. ಪಿಲ್ಲರು, ಸಿಲ್ಲು ಇಂಥ ಕಡೆ ಬಿಸಿ ಮಾಡಿ ಅಚ್ಚು ಹಾಕಿದ ಬೋರಾನ್ ಸ್ಟೀಲ್ ಇರತ್ತೆ, ಸುಮಾರು 1,500 ಮೆಗಾಪ್ಯಾಸ್ಕಲ್ ಶಕ್ತಿಯದ್ದು. ಬೆಂಕಿ ಇಟ್ಟು ಬಡಿದು ನೇರ ಮಾಡಿದ್ರೆ ಆಕಾರ ವಾಪಸ್ ಬರತ್ತೆ, ಶಕ್ತಿ ಬರಲ್ಲ, ಮುಂದಿನ ಗುದ್ದಿನಲ್ಲಿ ಅದು ಕುಸಿಯತ್ತೆ. ಅದನ್ನ ಕಂಪನಿ ಹೇಳಿದ ಜಾಗದಲ್ಲೇ ಕತ್ತರಿಸಿ ಹೊಸದು ವೆಲ್ಡ್ ಮಾಡ್ಬೇಕು, ಗಾಡೀನ ಜಿಗ್ ಅನ್ನೋ ಅಳತೆ ಚೌಕಟ್ಟಿನ ಮೇಲೆ ಕೂರಿಸಿ ಮಿಲಿಮೀಟರ್ ಲೆಕ್ಕದಲ್ಲಿ ಅಳತೆ ನೋಡ್ತಾ. ಹಾಗಾಗಿ ಮೋನೋಕಾಕ್ ತಗೊಳ್ಳುವಾಗ ಜಿಗ್ಗು, ಅಳತೆ ಸಿಸ್ಟಮ್ಮು ಇರೋ ಬಾಡಿಶಾಪ್ ನಿಮಗೆ ಹತ್ತಿರ ಇದೆಯಾ ಅಂತ ಕೇಳೋದು ಮೈಲೇಜ್ ಕೇಳಿದಷ್ಟೇ ಮುಖ್ಯ.

ಲ್ಯಾಡರ್ ಫ್ರೇಮಿನ ದೊಡ್ಡ ಶತ್ರು ತುಕ್ಕು. ಪೆಟ್ಟಿಗೆ ಆಕಾರದ ರೈಲಿನ ಒಳಗೆ ಕೆಸರು, ಉಪ್ಪು ನೀರು ನಿಂತು ಒಳಗಿಂದಲೇ ತಿನ್ನತ್ತೆ, ಹೊರಗೆ ಬಣ್ಣ ಚೆನ್ನಾಗೇ ಕಾಣತ್ತೆ. ಟೊಯೋಟಾ ಟಕೋಮಾ ಪಿಕಪ್ಪಿನ ಫ್ರೇಮ್ ತುಕ್ಕಿನ ಕೇಸು ಅಮೆರಿಕದಲ್ಲಿ ಕೋರ್ಟಿಗೆ ಹೋಗಿ 2016ರಲ್ಲಿ ಒಪ್ಪಂದಕ್ಕೆ ಬಂತು, ಅಷ್ಟು ಗಂಭೀರ ವಿಷಯ ಇದು. ಸೆಕೆಂಡ್ ಹ್ಯಾಂಡ್ ಲ್ಯಾಡರ್ ಗಾಡಿ ಆದ್ರೆ ಕೆಳಗೆ ಮಲಗಿ ಟಾರ್ಚ್ ಬಿಡಿ, ಹಿಂದಿನ ಸ್ಪ್ರಿಂಗ್ ಕೂರೋ ಜಾಗದ ಸುತ್ತ ಸಣ್ಣ ಸುತ್ತಿಗೆಯಿಂದ ತಟ್ಟಿ, ಗಟ್ಟಿ ಲೋಹ ಟಣ್ ಅನ್ನತ್ತೆ, ತುಕ್ಕು ತಿಂದದ್ದು ಮಂಕಾಗಿ ಡಬ್ ಅನ್ನತ್ತೆ. ಹಳೇ ಗಾಡಿಗೆ ಹೊಸದಾಗಿ ದಪ್ಪ ಕಪ್ಪು ಕೋಟಿಂಗ್ ಬಳಿದಿದ್ರೆ ಅನುಮಾನ ಪಡಿ. ಬಾಡಿ ಮೌಂಟ್ ರಬ್ಬರ್ ಸವೆದಿದ್ರೆ ಹಂಪಲ್ಲಿ ಟಕ್ ಅನ್ನೋ ಶಬ್ದ ಬರತ್ತೆ, ಅದು ಹೊಸದು ಹಾಕೋ ಐಟಮ್ಮು, ಹೆದರೋದು ಬೇಡ.

ಮೋನೋಕಾಕ್ ಆದ್ರೆ ಡಿಕ್ಕಿಯ ಕಾರ್ಪೆಟ್ ಎತ್ತಿ, ಸ್ಟೆಪ್ನಿ ತೆಗೆದು ಆ ಗುಂಡಿಯ ತಗಡು ನೋಡಿ. ಸುಕ್ಕು ಇದ್ರೆ ಹಿಂದಿನಿಂದ ಜೋರಾಗಿ ಗುದ್ದಿದ್ದಾರೆ. ಅಂಚಿನ ಸ್ಪಾಟ್ ವೆಲ್ಡ್ ಗುಳಿಗಳು ಒಂದೇ ಅಂತರದಲ್ಲಿ ಇವೆಯಾ, ಸೀಲರ್ ಎರಡೂ ಕಡೆ ಒಂದೇ ಥರ ಇದೆಯಾ ಅಂತ ಬೆರಳಾಡಿಸಿ ನೋಡಿ. ಹಿಚ್ ಹಾಕಿದ ಗಾಡಿ ಆದ್ರೆ ಬೋಲ್ಟಿನ ಸುತ್ತ ತುಕ್ಕಿನ ಗೆರೆ, ಬಣ್ಣದ ಬಿರುಕು ಇದೆಯಾ ನೋಡಿ, ಕಂಪನಿ ಕೊಟ್ಟ ತೂತು ಬಿಟ್ಟು ಬೇರೆ ಕಡೆ ಡ್ರಿಲ್ ಮಾಡಿದ್ರೆ ಆ ಗಾಡಿ ಎಷ್ಟೇ ಹೊಳೀತಿದ್ರೂ ಟ್ರೈಲರ್ ಎಳೆಯೋ ಕೆಲಸಕ್ಕೆ ನಾನು ತಗೊಳ್ಳಲ್ಲ.