ಈ ಬಿಲ್ಲನ್ನು ತಿದ್ದಿದವರು ಯಾರು?

ಕೇಳುಗರಿಗೆ ನಮಸ್ಕಾರ.

ಕಿರ್ದಿ ಪುಸ್ತಕದ ಕಾಲದಲ್ಲಿ ತಪ್ಪು ಬರೆದ ಗುಮಾಸ್ತರು ಅಂಕಿಯ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ರುಜು ಹಾಕುತ್ತಿದ್ದರು. ಹಳೆಯ ಅಂಕಿ ಗೆರೆಯಡಿ ಓದಲು ಸಿಗುತ್ತಿತ್ತು. ಕಂಪ್ಯೂಟರಿಗೆ ಲೆಕ್ಕ ಬಂದಮೇಲೆ ಆ ಗೆರೆ ಹೋಯಿತು. ವೋಚರ್ ತೆರೆದು ಮೊತ್ತ ಬದಲಿಸಿ ಸೇವ್ ಮಾಡಿದರೆ ಮುಗಿಯಿತು, ಹಳೆಯದು ಇತ್ತೆಂಬ ಸುಳಿವೂ ಇಲ್ಲ.

ಆ ಗೆರೆಯನ್ನು ಸರ್ಕಾರ 2021ರ ಮಾರ್ಚ್‌ನಲ್ಲಿ ಕಂಪನಿಗಳ ಲೆಕ್ಕಪತ್ರ ನಿಯಮಗಳ ಮೂರನೆಯ ನಿಯಮಕ್ಕೆ ತಿದ್ದುಪಡಿ ತಂದು ಮರಳಿ ಎಳೆಸಿತು. ಎರಡು ಸಲ ಮುಂದೂಡಿ, 2023ರ ಏಪ್ರಿಲ್ 1ರಿಂದ ಅದು ಜಾರಿಯಾಯಿತು. ಸಾಫ್ಟ್‌ವೇರಿನಲ್ಲಿ ಲೆಕ್ಕ ಬರೆಯುವ ಕಂಪನಿ ಪ್ರತಿ ವ್ಯವಹಾರದ ಆಡಿಟ್ ಟ್ರೇಲ್, ಅಂದರೆ ಹೆಜ್ಜೆಗುರುತು ಇಡುವ, ಪ್ರತಿ ಬದಲಾವಣೆಯನ್ನು ದಿನಾಂಕದೊಡನೆ ಎಡಿಟ್ ಲಾಗ್‌ನಲ್ಲಿ ದಾಖಲಿಸುವ, ಯಾರೂ ಅದನ್ನು ಆಫ್ ಮಾಡಲಾಗದ ಸಾಫ್ಟ್‌ವೇರನ್ನೇ ಬಳಸಬೇಕು. ಇಬ್ಬರೇ ನಿರ್ದೇಶಕರಿರುವ ಸಣ್ಣ ಪ್ರೈವೇಟ್ ಲಿಮಿಟೆಡ್‌ಗೂ ಇದರಿಂದ ವಿನಾಯಿತಿಯಿಲ್ಲ. ಮಾಲೀಕರೊಬ್ಬರ ಅಂಗಡಿಗೆ, ಪಾಲುದಾರಿಕೆ ಸಂಸ್ಥೆಗೆ ಈ ನಿಯಮ ಅನ್ವಯಿಸದು.

ಇದರರ್ಥ ತಿದ್ದಲೇಬಾರದು ಎಂದಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಹೆದರಿದ ಅಕೌಂಟೆಂಟ್‌ಗಳು ತಪ್ಪನ್ನು ತಪ್ಪಾಗಿಯೇ ಬಿಟ್ಟದ್ದನ್ನು ನೋಡಿದ್ದೇನೆ. ತಿದ್ದಿ, ಆದರೆ ಗುರುತು ಉಳಿಯಲಿ ಎನ್ನುವುದಷ್ಟೇ ನಿಯಮ.

ಒಂದು ಬಿಲ್ಲನ್ನೇ ಎತ್ತಿಕೊಳ್ಳೋಣ. ಡಿಸೆಂಬರ್ 20ರಂದು ಒಂದು ಕಂಪನಿ ಒಂದು ಲಕ್ಷ ರೂಪಾಯಿಯ ಸರಕು ಮಾರಿತು. ಶೇ. 18 ಜಿಎಸ್‌ಟಿ ಸೇರಿ ಬಿಲ್ 1,18,000. ಜನವರಿ 10ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಸಲ್ಲಿಕೆಯಾಯಿತು. ಫೆಬ್ರವರಿಯಲ್ಲಿ ಗಿರಾಕಿ 20,000 ರೂಪಾಯಿಯ ಸರಕು ವಾಪಸು ಕಳಿಸಿದರು. ಆಗ ಹಳೆಯ ಬಿಲ್ಲನ್ನು ಮುಟ್ಟದೆ, ಅಷ್ಟು ಮೊತ್ತ ಕಡಿಮೆಯಾಯಿತೆಂದು ಹೇಳುವ ಬೇರೆ ಚೀಟಿ, ಅಂದರೆ ಕ್ರೆಡಿಟ್ ನೋಟ್, ತೆರಿಗೆ ಸೇರಿ 23,600ಕ್ಕೆ ಬರೆಯಬೇಕಿತ್ತು. ಅವಸರದಲ್ಲಿದ್ದ ಹುಡುಗ ಹಳೆಯ ಬಿಲ್ಲನ್ನೇ ತೆರೆದು 94,400 ಎಂದು ಮಾಡಿದ. ಈಗ ಡಿಸೆಂಬರ್ ಬಿಲ್ಲಿನ ತೆರಿಗೆ ಲೆಕ್ಕದಲ್ಲಿ 14,400, ಪೋರ್ಟಲ್‌ನಲ್ಲಿ 18,000.

ವರ್ಷದ ಕೊನೆಗೆ ಲಾಗ್ ತೆರೆದರೆ ಆ ಬಿಲ್ಲಿನ ಎರಡು ಆವೃತ್ತಿ ಕಾಣುತ್ತವೆ. ಮೊದಲನೆಯದು ಡಿಸೆಂಬರ್ 20ರದು, ಎರಡನೆಯದು ಫೆಬ್ರವರಿ 6, ಸಂಜೆ 6 ಗಂಟೆ 40 ನಿಮಿಷದ್ದು. ಹಳೆಯ ಮೊತ್ತ, ಹೊಸ ಮೊತ್ತ ಅಕ್ಕಪಕ್ಕ. 3,600ರ ವ್ಯತ್ಯಾಸ ಎಲ್ಲಿಂದ ಬಂತೆಂದು ಐದು ನಿಮಿಷದಲ್ಲಿ ತಿಳಿಯುತ್ತದೆ. ಲಾಗ್ ಇಲ್ಲದಿದ್ದರೆ ಸಾವಿರ ಬಿಲ್ ಒಂದೊಂದಾಗಿ ತಾಳೆ ನೋಡಬೇಕಿತ್ತು.

ಆದರೆ ಯೂಸರ್ ಎಂಬ ಕಾಲಂ ನೋಡಿ. ಅಲ್ಲಿ "admin" ಎಂದಿರುತ್ತದೆ. ಆಫೀಸಿನ ನಾಲ್ವರೂ ಅದೇ ಪಾಸ್‌ವರ್ಡ್‌ನಲ್ಲಿ ಕೂರುತ್ತಾರೆ. ತಿದ್ದಿದವರು ಯಾರೆಂದು ಲಾಗ್ ಹೇಳಲಾರದು. ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೊಡಲು ಅರ್ಧ ಗಂಟೆ ಸಾಕು, ದಯವಿಟ್ಟು ಅದನ್ನು ಮಾಡಿ. ಏಕೆ ತಿದ್ದಿದಿರಿ ಎಂಬುದನ್ನೂ ಲಾಗ್ ತಾನಾಗಿ ಬರೆಯದು, ಅದಕ್ಕಾಗಿ ವೋಚರಿನ ವಿವರಣೆಯಲ್ಲಿ ಒಂದು ಸಾಲು ಸೇರಿಸಿ.

ಇದಕ್ಕಿಂತ ದೊಡ್ಡ ಅಪಾಯ ಹಿಂಬಾಗಿಲಿನದು. ಕಂಪನಿಯ ಎಲ್ಲ ಕೆಲಸವನ್ನೂ ಒಂದೇ ಕಡೆ ನಡೆಸುವ ಇಆರ್‌ಪಿ ಸಾಫ್ಟ್‌ವೇರಿನಲ್ಲಿ ನಾವು ನೋಡುವ ಪರದೆ ಮುಂಬಾಗಿಲು, ಅಂಕಿಗಳು ನಿಜಕ್ಕೂ ಕೂತಿರುವುದು ಹಿಂದಿನ ಡೇಟಾಬೇಸ್‌ನಲ್ಲಿ. ಬಹಳಷ್ಟು ಲಾಗ್‌ಗಳು ಮುಂಬಾಗಿಲಲ್ಲಿ ಬಂದವರನ್ನಷ್ಟೇ ಬರೆದುಕೊಳ್ಳುತ್ತವೆ. ಸಾಫ್ಟ್‌ವೇರ್ ಸಪೋರ್ಟಿನವರು ನಿಮಗೆ ಸಹಾಯ ಮಾಡಲೆಂದೇ ಡೇಟಾಬೇಸ್ ಟೇಬಲ್‌ನಲ್ಲಿ ನೇರವಾಗಿ ಮೊತ್ತ ಬದಲಿಸಿದರೆ ಎಡಿಟ್ ಲಾಗ್‌ನಲ್ಲಿ ಏನೂ ಮೂಡುವುದಿಲ್ಲ. ಡೇಟಾಬೇಸ್ ಮಟ್ಟದಲ್ಲಿ ಬೇರೆಯೇ ಲಾಗ್ ಚಾಲೂ ಇರಬೇಕು. ವರ್ಷವಿಡೀ ಲಾಗ್ ನಡೆದಿದೆಯೇ, ಅದನ್ನು ಯಾರಾದರೂ ತಿರುಚಿದ್ದಾರೆಯೇ ಎಂದು ಆಡಿಟರ್ ತಮ್ಮ ವರದಿಯಲ್ಲಿ ಹೇಳಲೇಬೇಕು, ಹಿಂಬಾಗಿಲಿಗೆ ಲಾಗ್ ಇಲ್ಲದಿದ್ದರೆ ಅದೂ ಅಲ್ಲಿ ಅಚ್ಚಾಗುತ್ತದೆ. ಲೆಕ್ಕದ ಪುಸ್ತಕಗಳನ್ನು ಎಂಟು ವರ್ಷ ಇಡಬೇಕೆಂಬ ಕಾನೂನಿದೆ, ಲಾಗ್‌ಗೂ ಅಷ್ಟೇ ಆಯಸ್ಸು. ನಡುವೆ ಸಾಫ್ಟ್‌ವೇರ್ ಬದಲಿಸಿದರೆ ಹಳೆಯದರ ಲಾಗ್ ಓದಲು ಬರುವಂತೆ ಉಳಿಸಿಕೊಳ್ಳಿ.

ಹಿಂಬಾಗಿಲಲ್ಲಿ ಯಾರಾದರೂ ಬಂದರೇ ಎಂದು ನೀವೇ ನೋಡಬಹುದು. ಸೆಪ್ಟೆಂಬರ್ 30ರ ರಾತ್ರಿ ತೆಗೆದ ಬ್ಯಾಕಪ್ ಇದೆಯಲ್ಲ, ಅದರಿಂದ ಆ ದಿನದ ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಬಾಕಿಯ ಪಟ್ಟಿ ಮುದ್ರಿಸಿ. ಮಾರ್ಚ್‌ನಲ್ಲಿ ಈಗಿನ ಲೆಕ್ಕದಿಂದ ಅದೇ ಸೆಪ್ಟೆಂಬರ್ 30ರ ಟ್ರಯಲ್ ಬ್ಯಾಲೆನ್ಸ್ ತೆಗೆಯಿರಿ. ಎರಡರ ನಡುವಿನ ಪ್ರತಿ ವ್ಯತ್ಯಾಸಕ್ಕೂ ಲಾಗ್‌ನಲ್ಲಿ ಒಂದು ನಮೂದು ಸಿಗಬೇಕು. ಒಂದಕ್ಕಾದರೂ ಸಿಗದಿದ್ದರೆ, ಡೇಟಾಬೇಸ್ ಪಾಸ್‌ವರ್ಡ್ ಯಾರ್ಯಾರ ಬಳಿ ಇದೆ ಎಂದು ಅಂದೇ ವಿಚಾರಿಸಿ.

ನಮಸ್ಕಾರ.